ಅಂಟಿಸಿದ ಮುಖದ ಸುತ್ತ ಗೆರೆ ಕಾಣುತ್ತಿದ್ದರೆ: ದವಡೆ ಮತ್ತು ಕೂದಲಂಚಿನ ದೋಷ ಪತ್ತೆ

ಮದುವೆ ಆಲ್ಬಮ್ ಮಾಡುವವರಿಗೆ ತೀರಾ ಪರಿಚಿತವಾದ ಬೇಡಿಕೆ ಇದು. ಗುಂಪು ಫೋಟೊದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದಾರೆ, ಅಜ್ಜಿಯ ಕಣ್ಣು ಮಾತ್ರ ಮುಚ್ಚಿದೆ. ಅದರ ಮರುಕ್ಷಣವೇ ತೆಗೆದ ಇನ್ನೊಂದು ಫೋಟೊದಲ್ಲಿ ಅಜ್ಜಿ ಕಣ್ಣರಳಿಸಿ ನಗುತ್ತಿದ್ದಾರೆ, ಆದರೆ ಅಲ್ಲಿ ಮದುಮಗನೇ ಬೇರೆ ಕಡೆ ನೋಡುತ್ತಿದ್ದಾನೆ. ಎರಡನೆಯದರಿಂದ ಅಜ್ಜಿಯ ಮುಖವನ್ನು ತಂದು ಮೊದಲನೆಯದರ ಮೇಲೆ ಕೂರಿಸಬೇಕು. ಕೂರಿಸುವುದು ಸುಲಭ. ಕೂರಿಸಿದ ಮೇಲೆ ದವಡೆಯ ಸುತ್ತ ಒಂದು ತೆಳು ಗೆರೆ, ಹಣೆಯ ಮೇಲೆ ಒಂದು ಮಬ್ಬು ಪಟ್ಟಿ ಉಳಿದುಬಿಡುತ್ತದೆ. ಫೆದರ್ ಹೆಚ್ಚಿಸಿದರೆ ಗೆರೆ ಕರಗಿ ಮಬ್ಬು ಹರಡುತ್ತದೆ, ತಗ್ಗಿಸಿದರೆ ಮಬ್ಬು ಹೋಗಿ ಗೆರೆ ಮರಳುತ್ತದೆ. ಈ ಹಗ್ಗಜಗ್ಗಾಟದಲ್ಲೇ ಅರ್ಧ ದಿನ ಕಳೆಯುವವರನ್ನು ನೋಡಿದ್ದೇನೆ.

ಇದಕ್ಕೆ ಕಾರಣ ಒಂದೇ. ಗೆರೆ ಎಂದು ನಮ್ಮ ಕಣ್ಣಿಗೆ ಕಾಣುವುದು ಮೂರು ಬೇರೆ ಬೇರೆ ದೋಷಗಳಲ್ಲಿ ಯಾವುದಾದರೂ ಇರಬಹುದು: ಎರಡು ಚಿತ್ರಗಳ ಬೆಳಕು ಮತ್ತು ಬಣ್ಣ ಹೊಂದದಿರುವುದು, ಎರಡು ಮುಖಗಳ ಆಕಾರ ಒಂದರ ಮೇಲೊಂದು ಕೂರದಿರುವುದು, ಚರ್ಮದ ನವಿರು ಅಥವಾ ನಾಯ್ಸ್ ಬೇರೆಯಾಗಿರುವುದು. ಫೆದರ್ ಎನ್ನುವುದು ಮೊದಲನೆಯ ದೋಷದ ಕೊನೆಯ ಚೂರನ್ನು ಮಾತ್ರ ಮರೆಸಬಲ್ಲದು. ಎರಡನೆಯದನ್ನು ಅದು ಮುಚ್ಚುವುದಿಲ್ಲ; ಮೂರನೆಯದನ್ನು ಇನ್ನಷ್ಟು ಕೆಡಿಸುತ್ತದೆ. ಹಾಗಾಗಿ ಸ್ಲೈಡರ್ ಮುಟ್ಟುವ ಮೊದಲು ದೋಷ ಯಾವುದೆಂದು ಪತ್ತೆ ಮಾಡಬೇಕು.

ಇಲ್ಲಿ ಬರೆದಿರುವುದು ಫೋಟೊಶಾಪ್ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಗಿಂಪ್‌ನಲ್ಲಿಯೂ ಲೇಯರ್ ಮಾಸ್ಕ್, ಕರ್ವ್ಸ್, ಗೌಸಿಯನ್ ಬ್ಲರ್ ಎಲ್ಲ ಇವೆ. ಮೆನುವಿನ ಜಾಗ ಬೇರೆ, ತರ್ಕ ಅದೇ. ಮಾತಿಗೆ ತೆಗೆದುಕೊಂಡಿರುವುದು ಅದೇ ವ್ಯಕ್ತಿಯ, ಅದೇ ಹೊತ್ತಿನ ಎರಡು ಫೋಟೊಗಳ ಪ್ರಕರಣವನ್ನು. ಒಬ್ಬರ ಮುಖವನ್ನು ಇನ್ನೊಬ್ಬರ ಮೈಗೆ ಅಂಟಿಸಿಕೊಡಿ ಎಂದು ಬರುವವರೂ ಇದ್ದಾರೆ. ಆ ಕೆಲಸವನ್ನು ನಾನು ಹಿಡಿಯುವುದಿಲ್ಲ, ಅದರ ಬಗ್ಗೆ ಇಲ್ಲಿ ಬರೆಯುವುದೂ ಇಲ್ಲ.

ಉದಾಹರಣೆಯ ಫೋಟೊ 6000 × 4000 ಪಿಕ್ಸೆಲ್‌ನದು ಎಂದುಕೊಳ್ಳೋಣ. ಸಾಲಿನಲ್ಲಿ ಹನ್ನೆರಡು ಜನ ನಿಂತಿದ್ದಾರೆ, ಅಜ್ಜಿಯ ಮುಖದ ಅಗಲ ಸುಮಾರು 220 ಪಿಕ್ಸೆಲ್. ಈ ಕೊನೆಯ ಸಂಖ್ಯೆಯನ್ನು ಮೊದಲೇ ಅಳೆದಿಟ್ಟುಕೊಳ್ಳಿ. ಮಾಸ್ಕಿಗೆ ಇಷ್ಟು ಫೆದರ್ ಕೊಡಿ ಎಂದು ಯಾರಾದರೂ ಬರೀ ಸಂಖ್ಯೆ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಒಬ್ಬರೇ ಇರುವ ಭಾವಚಿತ್ರದಲ್ಲಿ ಮುಖ 1500 ಪಿಕ್ಸೆಲ್ ಅಗಲವಿರುತ್ತದೆ. ಅಲ್ಲಿ 5 ಪಿಕ್ಸೆಲ್ ಫೆದರ್ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ, ಇಲ್ಲಿ ಅದೇ 5 ಪಿಕ್ಸೆಲ್ ಗದ್ದದ ಅಂಚನ್ನು ನುಂಗಿಬಿಡಬಹುದು.

ಮೊದಲು ಫೆದರ್ ಸೊನ್ನೆ ಮಾಡಿ

ಮಾಸ್ಕಿನ ಮೇಲೆ ಕ್ಲಿಕ್ ಮಾಡಿ `Properties` ಫಲಕದಲ್ಲಿ `Feather` ಅನ್ನು 0 ಮಾಡಿ. ಈಗ ಗೆರೆ ಎದ್ದು ಕಾಣುತ್ತದೆ. ಕಾಣಲಿ, ನಮಗೆ ಬೇಕಾದದ್ದೂ ಅದೇ. ಮೃದು ಅಂಚು ದೋಷವನ್ನು ನಿವಾರಿಸುವ ಮೊದಲು ದೋಷವನ್ನು ಮರೆಮಾಚುತ್ತದೆ, ಪತ್ತೆಗೆ ಅದು ಅಡ್ಡಿ.

ಆಮೇಲೆ ಎಲ್ಲಕ್ಕಿಂತ ಮೇಲೆ ಎರಡು ತಾತ್ಕಾಲಿಕ ಲೇಯರ್‌ಗಳನ್ನು ಹಾಕಿ. ಒಂದಕ್ಕೆ ಪೂರ್ತಿ ಕಪ್ಪು ತುಂಬಿ ಬ್ಲೆಂಡ್ ಮೋಡ್ `Color` ಎಂದು ಆರಿಸಿ. ಇದನ್ನು ಆನ್ ಮಾಡಿದರೆ ಬಣ್ಣವೆಲ್ಲ ಹೋಗಿ ಹೊಳಪು ಮಾತ್ರ ಉಳಿಯುತ್ತದೆ. ಇನ್ನೊಂದಕ್ಕೆ ಶೇ. 50ರ ಬೂದು ತುಂಬಿ ಮೋಡ್ `Luminosity` ಮಾಡಿ. ಇದರಲ್ಲಿ ಹೊಳಪೆಲ್ಲ ಒಂದೇ ಸಮವಾಗಿ ಬಣ್ಣ ಮಾತ್ರ ಕಾಣುತ್ತದೆ, ಚಿತ್ರ ವಿಚಿತ್ರವಾಗಿ ಕಂಡರೂ ಗಾಬರಿ ಬೇಡ. ಎರಡನ್ನೂ ಒಂದಾದ ಮೇಲೊಂದು ಆನ್ ಮಾಡಿ ನೋಡಿ.

ಕಪ್ಪು ಲೇಯರ್ ಆನ್ ಇದ್ದಾಗ ಗೆರೆ ಉಳಿದರೆ ತೊಂದರೆ ಬೆಳಕಿನದು. ಅಲ್ಲಿ ಗೆರೆ ಮಾಯವಾಗಿ ಬೂದು ಲೇಯರಿನಲ್ಲಿ ಕಂಡರೆ ತೊಂದರೆ ಬಣ್ಣದ್ದು. ಒಂದು ಮುಖ ಹಳದಿಗೆ, ಇನ್ನೊಂದು ಕೆಂಪಿಗೆ ಒಲಿದಿದೆ. ಎರಡರಲ್ಲೂ ಮುಖ ಸಪಾಟಾಗಿ ಬೆರೆತಿದ್ದು, ಶೇ. 100ಕ್ಕೆ ಹಿಗ್ಗಿಸಿ ನೋಡಿದಾಗ ಮಾತ್ರ ಏನೋ ಸರಿಯಿಲ್ಲ ಅನಿಸಿದರೆ ಅದು ಚರ್ಮದ ನವಿರಿನ ತೊಂದರೆ. ಗೆರೆ ಒಂದಲ್ಲ, ಎರಡು ಸಮಾನಾಂತರವಾಗಿ ಇವೆ ಎಂದರೆ ಆಕಾರ ಕೂತಿಲ್ಲ.

ಆಕಾರದ ದೋಷಕ್ಕೆ ನಮ್ಮ ಕಡೆಯ ಫೋಟೊಗಳಲ್ಲಿ ಒಂದು ಒಳ್ಳೆಯ ಸಾಕ್ಷಿ ಸಿಗುತ್ತದೆ, ಹಣೆಯ ಕುಂಕುಮ. ಮುಖದ ಲೇಯರಿನ ಮಾಸ್ಕನ್ನು ಶಿಫ್ಟ್ ಒತ್ತಿ ಕ್ಲಿಕ್ಕಿಸಿ ತಾತ್ಕಾಲಿಕವಾಗಿ ಆಫ್ ಮಾಡಿ, ಲೇಯರಿನ ಅಪಾರದರ್ಶಕತೆಯನ್ನು ಶೇ. 50ಕ್ಕೆ ಇಳಿಸಿ. ಕುಂಕುಮ ಒಂದೇ ಬೊಟ್ಟಾಗಿ ಕಂಡರೆ, ಮೂಗುತಿ ಮೂಗುತಿಯ ಮೇಲೆ ಕೂತಿದ್ದರೆ ಮುಖ ಸರಿಯಾದ ಜಾಗದಲ್ಲಿದೆ. ಕುಂಕುಮ ಒಂದಾಗಿ ಮೂಗುತಿ ಎರಡಾಗಿದ್ದರೆ ಅಜ್ಜಿ ತಲೆಯನ್ನು ಕೊಂಚ ಓರೆ ಮಾಡಿದ್ದಾರೆ. ಮುಖವನ್ನು ಒಂದೆರಡು ಡಿಗ್ರಿ ತಿರುಗಿಸಬೇಕು. ಎರಡೂ ಕೂತು ಗದ್ದ ಮಾತ್ರ ಎರಡಾಗಿದ್ದರೆ ನಗುವಾಗ ಬಾಯಿ ತೆರೆದಿದೆ, ದವಡೆ ಕೆಳಗಿಳಿದಿದೆ. ಈ ಕೊನೆಯದು ಬಹಳ ಮುಖ್ಯ, ಅದಕ್ಕೆ ಮತ್ತೆ ಬರುತ್ತೇನೆ.

ಬೆಳಕು ಮತ್ತು ಬಣ್ಣ

ಫ್ಲಾಶ್ ಬಳಸಿ ಬೆನ್ನುಬೆನ್ನಿಗೆ ತೆಗೆದ ಎರಡು ಫೋಟೊಗಳಲ್ಲಿ ಬೆಳಕು ಒಂದೇ ಇರುತ್ತದೆ ಎಂದುಕೊಳ್ಳುವುದು ತಪ್ಪು. ಫ್ಲಾಶ್ ಪೂರ್ತಿ ಚಾರ್ಜ್ ಆಗುವ ಮೊದಲೇ ಮತ್ತೆ ಕ್ಲಿಕ್ಕಿಸಿದರೆ ಎರಡನೆಯದು ಮಂಕಾಗುತ್ತದೆ. ಆಗ ಮಂಟಪದ ಹಳದಿ ದೀಪಗಳ ಪಾಲು ಹೆಚ್ಚಿ ಮೈಬಣ್ಣವೂ ಬದಲಾಗುತ್ತದೆ.

ಅಳೆಯಲು ಐಡ್ರಾಪರ್ ಉಪಕರಣವನ್ನು 5 × 5 ಸರಾಸರಿಗೆ ಇಡಿ. ಒಂದೇ ಪಿಕ್ಸೆಲ್ ಓದಿದರೆ ನಾಯ್ಸ್ ಸುಳ್ಳು ಹೇಳುತ್ತದೆ. ಮೂಲ ಚಿತ್ರದಲ್ಲಿ ಕೆನ್ನೆಯ ಕೆಳಭಾಗ, ಅಂದರೆ ಗೆರೆ ಹಾದುಹೋಗುವ ಜಾಗದಲ್ಲಿ, ಕೆಂಪು 196, ಹಸಿರು 152, ನೀಲಿ 128 ಇದೆ ಎಂದುಕೊಳ್ಳಿ. ತಂದ ಮುಖದಲ್ಲಿ ಅದೇ ಜಾಗ 184, 140, 108 ತೋರಿಸುತ್ತಿದೆ. ಮೂರೂ ಕಡಿಮೆ, ಆದರೆ ನೀಲಿ ಎಲ್ಲಕ್ಕಿಂತ ಹೆಚ್ಚು ಕಡಿಮೆ; ಮಂಕೂ ಹೌದು, ಹಳದಿಯೂ ಹೌದು. ಮುಖದ ಲೇಯರಿನ ಮೇಲೆ ಒಂದು ಕರ್ವ್ಸ್ ಲೇಯರನ್ನು ಕ್ಲಿಪ್ ಮಾಡಿ, ಪ್ರತಿ ಚಾನೆಲ್‌ನಲ್ಲಿಯೂ ಒಂದು ಬಿಂದು ಇಡಿ: ಕೆಂಪಿನಲ್ಲಿ 184ನ್ನು 196ಕ್ಕೆ, ಹಸಿರಿನಲ್ಲಿ 140ನ್ನು 152ಕ್ಕೆ, ನೀಲಿಯಲ್ಲಿ 108ನ್ನು 128ಕ್ಕೆ ಎತ್ತಿ. ಆಮೇಲೆ ದವಡೆಯ ನೆರಳಿನ ಒಂದು ಜಾಗದಲ್ಲಿಯೂ ಇದೇ ಅಳತೆ ಮಾಡಿ ಎರಡನೆಯ ಬಿಂದು ಇಡಿ. ಕೆನ್ನೆಯೊಂದನ್ನೇ ನಂಬಿದರೆ ನೆರಳು ಬೂದಾಗಿ ಉಳಿಯುವುದು ಸಾಮಾನ್ಯ.

ಅಳತೆ ಎಲ್ಲಿ ಮಾಡಬೇಕು ಎನ್ನುವುದೇ ಇಲ್ಲಿ ಗುಟ್ಟು. ಹಲವರು ಮೂಗಿನ ತುದಿಯಲ್ಲೋ ಕೆನ್ನೆಯ ಉಬ್ಬಿನಲ್ಲೋ ಹೊಂದಿಸುತ್ತಾರೆ. ಅಲ್ಲಿ ಕಣ್ಣಿಗೆ ಹೋಲಿಕೆ ಮಾಡಲು ಪಕ್ಕದಲ್ಲಿ ಏನೂ ಇಲ್ಲ. ಎರಡು ಚಿತ್ರಗಳು ತಾಗುವ ಜಾಗದಲ್ಲಿ ಹೊಂದಿದರೆ ಸಾಕು, ಒಳಗಿನ ಸಣ್ಣ ವ್ಯತ್ಯಾಸವನ್ನು ನೋಡುವವರು ನಗುವಿನ ಹೊಳಪೆಂದೇ ತಿಳಿಯುತ್ತಾರೆ.

ಫೆದರ್ ಸೊನ್ನೆ ಇರುವಾಗಲೇ, ಫೋಟೊ ಪರದೆಯ ಅಗಲಕ್ಕೆ ಇರುವಂತೆ ನೋಡಿದರೆ ಗೆರೆ ಹುಡುಕಿ ಹುಡುಕಿ ಕಾಣುವಷ್ಟಾಗಬೇಕು. ಅಲ್ಲಿಯವರೆಗೆ ಮುಂದೆ ಹೋಗಬೇಡಿ.

ದವಡೆ

ದವಡೆಯಲ್ಲಿ ಕಾಣುವ ದೋಷಗಳಲ್ಲಿ ಮೊದಲನೆಯದು ಹೊರಗಿನ ಬೆಳಕು ಅಥವಾ ಕತ್ತಲ ಬಳೆ. ಹಿಂದಿನ ಪರದೆ ಕಡುಗೆಂಪು, ಅಜ್ಜಿಯ ದವಡೆಯ ಹೊರಗೆ ಒಂದು ಬೂದು ಗೆರೆ. ಇದು ಎಲ್ಲಿಂದ ಬಂತೆಂದು ತಿಳಿಯಲು ಮಾಸ್ಕಿನ ಚಿಕ್ಕ ಚಿತ್ರವನ್ನು ಆಲ್ಟ್ ಒತ್ತಿ ಕ್ಲಿಕ್ಕಿಸಿ. ಮಾಸ್ಕ್ ಮಾತ್ರ ಪರದೆ ತುಂಬ ಕಾಣುತ್ತದೆ. ಬಿಳಿ ಇದ್ದಲ್ಲಿ ತಂದ ಮುಖ, ಕಪ್ಪು ಇದ್ದಲ್ಲಿ ಮೂಲ ಚಿತ್ರ, ನಡುವಿನ ಬೂದು ಪಟ್ಟಿಯಲ್ಲಿ ಎರಡರ ಬೆರಕೆ. ಫೆದರ್ ಮಾಡಿದಾಗ ಈ ಬೂದು ಪಟ್ಟಿ ನೀವು ಎಳೆದ ಗೆರೆಯ ಎರಡೂ ಬದಿಗೆ ಹರಡುತ್ತದೆ. ಅಗಲವೂ ನೀವು ಕೊಟ್ಟ ಸಂಖ್ಯೆಗಿಂತ ಬಹಳ ಹೆಚ್ಚು. 4 ಕೊಟ್ಟರೆ ಒಳಗೂ ಹೊರಗೂ ಸೇರಿ ಸುಮಾರು 16 ಪಿಕ್ಸೆಲ್ ಬೂದಾಗುತ್ತದೆ. ಅಂದರೆ ದವಡೆಯ ಗೆರೆಯ ಮೇಲೆಯೇ ಕತ್ತರಿಸಿ 4 ಫೆದರ್ ಕೊಟ್ಟಿದ್ದರೆ, ದವಡೆಯ ಹೊರಗೆ 8 ಪಿಕ್ಸೆಲ್‌ವರೆಗೆ ಎರಡನೆಯ ಫೋಟೊದ ಹಿನ್ನೆಲೆಯನ್ನೂ ಹೊತ್ತು ತಂದಿದ್ದೀರಿ. ಅದೇ ಆ ಬಳೆ.

ಪರಿಹಾರವೆಂದರೆ ಬೂದು ಪಟ್ಟಿ ಪೂರ್ತಿ ದವಡೆಯ ಒಳಗೇ ಬೀಳುವಂತೆ ಮಾಡುವುದು. ನನಗೆ ಹಿಡಿಸಿದ ವಿಧಾನ ಹೀಗಿದೆ. `Properties` ಫಲಕದ ಫೆದರ್ ಅನ್ನು 0ಯಲ್ಲೇ ಬಿಟ್ಟು, ಮಾಸ್ಕನ್ನು ಆರಿಸಿ ಅದರ ಮೇಲೆ ನೇರವಾಗಿ `Gaussian Blur` 3 ಅಥವಾ 4 ಪಿಕ್ಸೆಲ್ ಕೊಡುತ್ತೇನೆ. ಆಮೇಲೆ ಮಾಸ್ಕ್ ಮೇಲೆಯೇ ಕಂಟ್ರೋಲ್ ಎಲ್ ಒತ್ತಿ ಲೆವೆಲ್ಸ್ ತೆರೆದು, ಎಡಗಡೆಯ ಕಪ್ಪು ಗುಂಡಿಯನ್ನು 0ಯಿಂದ 128ಕ್ಕೆ ಎಳೆಯುತ್ತೇನೆ. ಅರ್ಧ ಬೂದಿಗಿಂತ ಕಡಿಮೆ ಇದ್ದದ್ದೆಲ್ಲ ಕಪ್ಪಾಗುತ್ತದೆ. ಹೊರಬದಿಯ ಮಬ್ಬು ಪೂರ್ತಿ ಕತ್ತರಿಸಿ ಹೋಗುತ್ತದೆ, ಒಳಬದಿಯ ಮೃದುತನ ಹಾಗೇ ಉಳಿಯುತ್ತದೆ. ಇದನ್ನೇ `Select and Mask` ಒಳಗಿನ `Shift Edge` ಅನ್ನು ಋಣ ಬದಿಗೆ ಎಳೆದೂ ಮಾಡಬಹುದು, ಆದರೆ ಅಲ್ಲಿ ಶೇಕಡಾವಾರಿನಲ್ಲಿ ಅಂದಾಜು ಮಾಡಬೇಕು; ಲೆವೆಲ್ಸ್‌ನಲ್ಲಿ ಏನಾಯಿತೆಂದು ಖಚಿತವಾಗಿ ತಿಳಿಯುತ್ತದೆ. ಒಂದು ಎಚ್ಚರಿಕೆ: ಫಲಕದ ಫೆದರ್ ಸ್ಲೈಡರ್ ಬಳಸಿದ್ದರೆ ಲೆವೆಲ್ಸ್ ಕೆಲಸ ಮಾಡಿದಂತೆ ಕಾಣುವುದಿಲ್ಲ. ಆ ಮಬ್ಬು ಮಾಸ್ಕಿನ ಪಿಕ್ಸೆಲ್‌ಗಳಲ್ಲಿ ಇರುವುದಿಲ್ಲ, ತೋರಿಸುವಾಗ ಮೇಲಿಂದ ಸೇರುತ್ತದೆ. ಲೆವೆಲ್ಸ್ ಕೆಳಗಿನ ಗಟ್ಟಿ ಅಂಚಿನ ಮೇಲೆ ಕೈಯಾಡಿಸಿ ಸುಮ್ಮನಾಗುತ್ತದೆ.

ಎಷ್ಟು ಬ್ಲರ್ ಎನ್ನುವುದಕ್ಕೆ ಉತ್ತರ ಫೋಟೊದಲ್ಲೇ ಇದೆ. ಪಕ್ಕದಲ್ಲಿ ನಿಂತವರ ದವಡೆಯನ್ನು ಶೇ. 400ಕ್ಕೆ ಹಿಗ್ಗಿಸಿ, ಚರ್ಮ ಮುಗಿದು ಹಿನ್ನೆಲೆ ಪೂರ್ತಿ ಶುರುವಾಗಲು ಎಷ್ಟು ಪಿಕ್ಸೆಲ್ ಬೇಕಾಗಿದೆ ಎಂದು ಎಣಿಸಿ. ಚೆನ್ನಾಗಿ ಫೋಕಸ್ ಆದ ಗುಂಪು ಫೋಟೊದಲ್ಲಿ ಇದು ಎರಡು ಮೂರು ಪಿಕ್ಸೆಲ್ ಇರುತ್ತದೆ. ಅಂಟಿಸಿದ ಮುಖದ ಅಂಚು ಅದಕ್ಕಿಂತ ಮೃದುವಾಗಿದ್ದರೆ ಹನ್ನೆರಡು ಜನರಲ್ಲಿ ಒಬ್ಬರು ಮಾತ್ರ ಮಂಜಿನೊಳಗೆ ನಿಂತಂತೆ ಕಾಣುತ್ತಾರೆ. ನೋಡುವವರಿಗೆ ಗೆರೆ ಕಾಣದಿದ್ದರೂ ಯಾರ ಮುಖವನ್ನು ಬದಲಿಸಲಾಗಿದೆ ಎಂದು ಗೊತ್ತಾಗಿಬಿಡುತ್ತದೆ.

ಈಗ ಎರಡು ದವಡೆಯ ವಿಷಯ. ಮೇಲಿನ ವಿಧಾನದಲ್ಲಿ ಅಂಚಿನ ಕೊನೆಯ ಕೆಲವು ಪಿಕ್ಸೆಲ್‌ಗಳು ಮೂಲ ಚಿತ್ರದ ದವಡೆಯೇ ಆಗಿರುತ್ತವೆ. ಎರಡು ದವಡೆಗಳೂ ಒಂದರ ಮೇಲೊಂದು ಕೂತಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ: ಅಂಚೂ ಅದರ ಹೊರಗಿನ ಹಿನ್ನೆಲೆಯೂ ನಿಜವಾದವು, ನಾವು ಬೆರೆಸಿದ್ದು ಒಳಗಿನ ಚರ್ಮವನ್ನು ಮಾತ್ರ. ಕೂತಿಲ್ಲದಿದ್ದರೆ ಹೊಸ ಗದ್ದದ ಕೆಳಗೆ ಹಳೆಯ ಗದ್ದ ಇಣುಕುತ್ತದೆ, ಅಥವಾ ಹೊಸ ಗದ್ದ ಹಳೆಯದನ್ನು ದಾಟಿ ಕತ್ತಿನ ಮೇಲೆ ಇಳಿಯುತ್ತದೆ.

ವ್ಯತ್ಯಾಸ ನಾಲ್ಕೈದು ಪಿಕ್ಸೆಲ್‌ನಷ್ಟಿದ್ದರೆ `Liquify` ಅಥವಾ ವಾರ್ಪ್‌ನಿಂದ ಹೊಸ ಮುಖದ ದವಡೆಯನ್ನು ಹಳೆಯದರ ಗೆರೆಗೆ ತಳ್ಳಿ. ಕುಂಚ ದೊಡ್ಡದಿರಲಿ, ಮುಖದ ಅರ್ಧದಷ್ಟಾದರೂ. ಚಿಕ್ಕ ಕುಂಚ ಗದ್ದದ ಮೇಲೆ ಅಲೆ ಎಬ್ಬಿಸುತ್ತದೆ. ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಬಾಯಿಬಿಟ್ಟು ನಗುವ ಮುಖದಲ್ಲಿ ಹಾಗೇ ಇರುತ್ತದೆ, ತಳ್ಳಿದರೆ ಅಜ್ಜಿಯ ಮುಖವೇ ಬದಲಾಗುತ್ತದೆ. ಆಗ ಎರಡು ದಾರಿ. ಹೊಸ ಗದ್ದ ಮೇಲಿದ್ದು ಹಳೆಯದು ಕೆಳಗೆ ಇಣುಕುತ್ತಿದ್ದರೆ, ಮುಖದ ಲೇಯರಿನ ಕೆಳಗೆ ಖಾಲಿ ಲೇಯರ್ ಹಾಕಿ, ಕ್ಲೋನ್ ಸ್ಟಾಂಪಿನಿಂದ ಕತ್ತಿನ ಚರ್ಮವನ್ನು ತಂದು ಹಳೆಯ ಗದ್ದವನ್ನು ಮೊದಲು ಅಳಿಸಿ. ಹೊಸ ಗದ್ದ ಕೆಳಗಿಳಿದಿದ್ದರೆ ದವಡೆಯಲ್ಲಿ ಕತ್ತರಿಸುವ ಆಸೆಯನ್ನೇ ಬಿಟ್ಟು, ಕತ್ತನ್ನೂ ಸೇರಿಸಿ ತನ್ನಿ. ಜೋಡಣೆಯ ಗೆರೆಯನ್ನು ಕರಿಮಣಿ ಸರದ ಅಂಚಿಗೋ ರವಿಕೆಯ ಕುತ್ತಿಗೆಗೋ ಇಳಿಸಿ. ಅಲ್ಲಿ ಮೊದಲೇ ಒಂದು ನಿಜವಾದ ಅಂಚು ಇದೆ, ನಮ್ಮದು ಅದರ ಮರೆಯಲ್ಲಿ ಅಡಗುತ್ತದೆ.

ಕತ್ತನ್ನು ತರದೆ ಮುಖ ಮಾತ್ರ ತಂದವರು ಒಂದು ಸಂಗತಿ ಮರೆಯುತ್ತಾರೆ. ದವಡೆಯ ಕೆಳಗೆ ಕತ್ತಿನ ಮೇಲೆ ಬೀಳುವ ನೆರಳು ದವಡೆಗೆ ಸೇರಿದ್ದು. ಗದ್ದ ಕೆಳಗಿಳಿದು ನೆರಳು ಇದ್ದಲ್ಲೇ ಉಳಿದರೆ ಎಷ್ಟೇ ನುಣುಪಾದ ಮಾಸ್ಕ್ ಇದ್ದರೂ ಮುಖ ಕತ್ತಿನ ಮುಂದೆ ತೇಲುತ್ತದೆ. ಗ್ರಾಹಕರು ಇದನ್ನು ಗೆರೆ ಕಾಣುತ್ತಿದೆ ಎಂದೇ ಹೇಳುತ್ತಾರೆ. ಅಂಚನ್ನು ಎಷ್ಟು ತಿದ್ದಿದರೂ ಹೋಗುವುದಿಲ್ಲ, ಏಕೆಂದರೆ ಗೆರೆ ಅಲ್ಲಿ ಇಲ್ಲವೇ ಇಲ್ಲ. ಮುಖದ ಕೆಳಗೆ ಒಂದು ಲೇಯರ್ ಹಾಕಿ, ಮೋಡ್ `Multiply` ಮಾಡಿ, ಕತ್ತಿನ ನೆರಳಿನಿಂದಲೇ ಬಣ್ಣ ಎತ್ತಿಕೊಂಡು, ಮೆತ್ತನೆಯ ಕುಂಚದಲ್ಲಿ ಶೇ. 10ರ ಹರಿವಿನಿಂದ ಗದ್ದದ ಕೆಳಗೆ ಬಳಿಯಿರಿ. ಕಪ್ಪು ಬಣ್ಣ ಬೇಡ. ಚರ್ಮದ ನೆರಳಿನಲ್ಲಿ ಕೆಂಪು ಇರುತ್ತದೆ, ಕಪ್ಪು ಬಳಿದರೆ ಮಸಿ ತಾಗಿದಂತಾಗುತ್ತದೆ.

ಕೂದಲಂಚು

ದವಡೆಯ ಬಗ್ಗೆ ಇಷ್ಟು ಹೇಳಿದ ಮೇಲೆ ಕೂದಲಂಚಿನ ಬಗ್ಗೆ ಹೇಳಬೇಕಾದದ್ದು ಅದಕ್ಕೆ ತದ್ವಿರುದ್ಧ: ಅಲ್ಲಿಗೆ ಹೋಗಲೇಬೇಡಿ. ಕೂದಲು ಹುಟ್ಟುವ ಜಾಗದಲ್ಲಿ ಮಾಸ್ಕಿನ ಅಂಚು ಇಟ್ಟವರಿಗೆ ಕಾಣುವುದು ಒಂದು ಬೂದು ಪಟ್ಟಿ, ಹಣೆಗೆ ವಿಭೂತಿ ಒರೆಸಿದಂತೆ. ಎರಡೂ ಫೋಟೊಗಳ ಎಳೆಗೂದಲುಗಳು ಬೇರೆ ಬೇರೆ ದಿಕ್ಕಿಗಿರುತ್ತವೆ. ಅರ್ಧ ಪಾರದರ್ಶಕ ಪಟ್ಟಿಯಲ್ಲಿ ಇದರ ಅರ್ಧ ಕೂದಲು ಅದರ ಅರ್ಧ ಚರ್ಮ ಸೇರಿ ಎರಡೂ ಅಲ್ಲದ ಮಸುಕು ಹುಟ್ಟುತ್ತದೆ. ಫೆದರ್ ಹೆಚ್ಚಿಸಿದಷ್ಟೂ ಪಟ್ಟಿ ಅಗಲವಾಗುತ್ತದೆ.

ಅಜ್ಜಿಯ ತಲೆ ಎರಡೂ ಫೋಟೊಗಳಲ್ಲಿ ಹೆಚ್ಚುಕಡಿಮೆ ಒಂದೇ ಕೋನದಲ್ಲಿದ್ದರೆ ನಮಗೆ ಬೇಕಾದದ್ದು ಕಣ್ಣು, ಮೂಗು, ಬಾಯಿ ಅಷ್ಟೇ. ಕೂದಲು, ಬೈತಲೆ, ಮುಡಿದ ಮಲ್ಲಿಗೆ, ಕಿವಿಯೋಲೆ ಎಲ್ಲವನ್ನೂ ಮೂಲ ಚಿತ್ರದಲ್ಲೇ ಬಿಡಿ. ಮಾಸ್ಕಿನ ಮೇಲಂಚನ್ನು ಕುಂಕುಮಕ್ಕೂ ಕೂದಲಿಗೂ ನಡುವಿನ ಖಾಲಿ ಹಣೆಯ ಮೇಲೆ ಹಾಯಿಸಿ. ಪಕ್ಕದಲ್ಲಿ ಕೆನ್ನೆಗೂದಲಿನ ಮುಂದೆ, ಕಿವಿಯನ್ನು ಮುಟ್ಟದೆ ಇಳಿಸಿ. ಹಣೆ ಸಪಾಟು ಚರ್ಮವಾದ್ದರಿಂದ ಇಲ್ಲಿ ಫೆದರ್ ಧಾರಾಳವಾಗಿ ಕೊಡಬಹುದು. 220 ಪಿಕ್ಸೆಲ್ ಮುಖಕ್ಕೆ 8ರಿಂದ 12 ಪಿಕ್ಸೆಲ್ ಬ್ಲರ್ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಅದು ಎರಡೂ ಬದಿಗೆ ಹರಡುವ ಲೆಕ್ಕ ನೆನಪಿರಲಿ. ಬೂದು ಪಟ್ಟಿ ಮೇಲೆ ಕೂದಲನ್ನೂ ಕೆಳಗೆ ಕುಂಕುಮವನ್ನೂ ತಾಗಬಾರದು. ಕುಂಕುಮದ ನಡುವೆ ಹಾದರೆ ಬೊಟ್ಟಿನ ಮೇಲ್ಭಾಗ ಮಸುಕಾಗಿ ಕೆಳಭಾಗ ಗಟ್ಟಿಯಾಗಿ, ಬೆವರಿಗೆ ಕರಗಿದಂತೆ ಕಾಣುತ್ತದೆ. ಹಣೆ ಚಿಕ್ಕದಾಗಿ ಅಷ್ಟು ಜಾಗವೇ ಇಲ್ಲದಿದ್ದರೆ ಕುಂಕುಮವನ್ನೂ ಮೂಲ ಚಿತ್ರದಲ್ಲೇ ಬಿಟ್ಟು ಗೆರೆಯನ್ನು ಹುಬ್ಬಿನ ಮೇಲೆ ತನ್ನಿ.

ಹೀಗೆ ದವಡೆಗೆ 3, ಹಣೆಗೆ 10 ಬೇಕು. ಫಲಕದ ಸ್ಲೈಡರ್ ಇಡೀ ಮಾಸ್ಕಿಗೆ ಒಂದೇ ಸಂಖ್ಯೆ ಕೊಡುತ್ತದೆ. ಅದನ್ನು ಬಳಸಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದು ಇನ್ನೊಂದು ಕಾರಣ. ದವಡೆಯ ಕೆಲಸ ಮುಗಿಸಿದ ಮೇಲೆ, ಲ್ಯಾಸೊ ಉಪಕರಣಕ್ಕೆ 15 ಪಿಕ್ಸೆಲ್ ಫೆದರ್ ಕೊಟ್ಟು ಹಣೆಯ ಭಾಗವನ್ನು ಸಡಿಲವಾಗಿ ಸುತ್ತುವರಿಯಿರಿ, ಮಾಸ್ಕ್ ಆಯ್ದಿರುವುದನ್ನು ಖಚಿತಪಡಿಸಿಕೊಂಡು ಅಲ್ಲಿಗೆ ಮಾತ್ರ `Gaussian Blur` 10 ಕೊಡಿ. ಲ್ಯಾಸೊದ ಫೆದರ್‌ನಿಂದಾಗಿ ಮೃದು ಅಂಚು ಗಟ್ಟಿ ಅಂಚಿಗೆ ನಿಧಾನವಾಗಿ ತಿರುಗುತ್ತದೆ. ಅದಿಲ್ಲದಿದ್ದರೆ ಕಣ್ಣಿನ ಪಕ್ಕದಲ್ಲಿ, ಎರಡು ಮೃದುತನಗಳು ಸೇರುವಲ್ಲಿ ಒಂದು ಮೆಟ್ಟಿಲು ಕಾಣುತ್ತದೆ.

ತಲೆ ತಿರುಗಿದ್ದರೆ ಈ ಸುಖ ಇಲ್ಲ, ಕೂದಲನ್ನೂ ತರಬೇಕು. ಆಗಲೂ ಕತ್ತರಿಸುವ ಜಾಗ ಕೂದಲು ಮತ್ತು ಹಣೆಯ ನಡುವೆ ಅಲ್ಲ, ಕೂದಲಿನ ಹೊರಗೆ, ಹಿನ್ನೆಲೆಯ ಕಡೆ. `Select and Mask` ಒಳಗೆ `Refine Edge Brush` ತೆಗೆದುಕೊಂಡು ಕೂದಲು ಹಿನ್ನೆಲೆಯೊಂದಿಗೆ ಸೇರುವ ಪಟ್ಟಿಯ ಮೇಲೆ ಮಾತ್ರ ಸವರಿ. ದವಡೆಯ ಮೇಲೆ ಅದನ್ನು ಆಡಿಸಬೇಡಿ, ನೇರ ಅಂಚನ್ನು ಅದು ತಿಂದುಹಾಕುತ್ತದೆ. ಎಳೆಗಳ ನಡುವೆ ಹಳೆಯ ಹಿನ್ನೆಲೆಯ ಬಣ್ಣ ಉಳಿದರೆ `Decontaminate Colors` ಇದೆ. ಅದು ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುವುದರಿಂದ ಫಲಿತಾಂಶವನ್ನು ಹೊಸ ಲೇಯರಿಗೆ ಕೊಡುತ್ತದೆ, ಹಳೆಯದು ಕೆಳಗೆ ಉಳಿದಿರುತ್ತದೆ. ಅದೇ ಮಂಟಪದ ಅದೇ ಪರದೆ ಎರಡರಲ್ಲೂ ಇದ್ದರೆ ಇದರ ಅಗತ್ಯವೇ ಬೀಳದು. ಹಿನ್ನೆಲೆಯನ್ನೂ ಒಂದಿಷ್ಟು ಸೇರಿಸಿ ತಂದು ಪರದೆಯ ಮೇಲೆ ಬೆರೆಸುವುದು ಎಷ್ಟೋ ಸುಲಭ.

ಗೆರೆ ಇಲ್ಲ, ಆದರೂ ಪೌಡರ್ ಬಳಿದಂತಿದೆ

ಬೆಳಕು ಹೊಂದಿದೆ, ಆಕಾರ ಕೂತಿದೆ, ಆದರೂ ಮುಖದ ಸುತ್ತ ಒಂದು ನುಣುಪು ಉಂಗುರ ಕಾಣುತ್ತದೆ. ಛತ್ರದ ಮಂದ ಬೆಳಕಿನಲ್ಲಿ ಐಎಸ್‌ಒ 3200ರಲ್ಲಿ ತೆಗೆದ ಫೋಟೊಗಳಲ್ಲಿ ಇದು ಹೆಚ್ಚು. ಕಾರಣ ಸರಳ ಗಣಿತ. ಎರಡು ಚಿತ್ರಗಳ ನಾಯ್ಸ್‌ಗೆ ಒಂದಕ್ಕೊಂದು ಸಂಬಂಧವಿಲ್ಲ. ಅರ್ಧಕ್ಕರ್ಧ ಬೆರೆಸಿದಾಗ ಅವು ಒಂದನ್ನೊಂದು ಭಾಗಶಃ ಅಳಿಸಿ, ನಾಯ್ಸ್ ಸುಮಾರು 0.7 ಪಟ್ಟಿಗೆ ಇಳಿಯುತ್ತದೆ. ಬೂದು ಪಟ್ಟಿಯ ಉದ್ದಕ್ಕೂ ಚರ್ಮ ಸುತ್ತಲಿನದಕ್ಕಿಂತ ನುಣುಪಾಗುತ್ತದೆ. ಫೆದರ್ ಅಗಲವಾದಷ್ಟೂ ಉಂಗುರ ಅಗಲ. ಹಣೆಯ ಮೇಲೆ ನಾವೇ ಅಗಲ ಫೆದರ್ ಕೊಟ್ಟಿರುವುದರಿಂದ ಅಲ್ಲೇ ಮೊದಲು ಕಾಣುತ್ತದೆ.

ಸಣ್ಣ ಪ್ರಮಾಣದಲ್ಲಿದ್ದರೆ ನಾಯ್ಸ್ ಮರಳಿ ಸೇರಿಸಿದರೆ ಸಾಕು. ಮೇಲೊಂದು ಲೇಯರಿಗೆ ಶೇ. 50ರ ಬೂದು ತುಂಬಿ `Overlay` ಮಾಡಿ, `Add Noise` ಶೇ. 2 ಅಥವಾ 3 ಕೊಟ್ಟು, ಕಪ್ಪು ಮಾಸ್ಕ್ ಹಾಕಿ ಉಂಗುರ ಇರುವಲ್ಲಿ ಮಾತ್ರ ಬಿಳಿ ಸವರಿ. ಶೇ. 100ರಲ್ಲಿ ನೋಡುತ್ತಾ ಪ್ರಮಾಣ ನಿರ್ಧರಿಸಿ.

ಹೆಚ್ಚಿದ್ದರೆ ಬೇರೆ ಉಪಾಯ ಬೇಕು. 1983ರಲ್ಲಿ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಆಡಲ್ಸನ್ ಚಿತ್ರಗಳನ್ನು ಜೋಡಿಸುವ ಬಗ್ಗೆ ಒಂದು ವಿಧಾನ ಕೊಟ್ಟರು. ನಿಧಾನವಾಗಿ ಬದಲಾಗುವ ಬೆಳಕನ್ನು ಅಗಲವಾದ ಪಟ್ಟಿಯಲ್ಲಿ ಬೆರೆಸಬೇಕು, ಸೂಕ್ಷ್ಮ ವಿವರಗಳನ್ನು ಕಿರಿದಾದ ಪಟ್ಟಿಯಲ್ಲಿ ಬೆರೆಸಬೇಕು ಎನ್ನುವುದು ಅದರ ತಿರುಳು. ಒಂದೇ ಫೆದರ್ ಎರಡನ್ನೂ ಮಾಡಲಾರದು ಎನ್ನುವುದಕ್ಕೆ ಇದೇ ವಿವರಣೆ. ಕೈಯಲ್ಲಿ ಮಾಡುವುದಾದರೆ ಬಣ್ಣ ಹೊಂದಿಸಿದ ಮುಖದ ಎರಡು ಪ್ರತಿ ಮಾಡಿ. ಕೆಳಗಿನದಕ್ಕೆ `Gaussian Blur` 6 ಕೊಡಿ, ಬೆಳಕು ಮಾತ್ರ ಉಳಿಯುತ್ತದೆ. ಮೇಲಿನದರ ಮೇಲೆ `Apply Image` ತೆರೆದು, ಮಬ್ಬು ಲೇಯರನ್ನು ಆಯ್ದು, ಎಂಟು ಬಿಟ್ ಚಿತ್ರಕ್ಕೆ ಈ ಮೌಲ್ಯಗಳನ್ನು ಕೊಡಿ:

```
Blending: Subtract
Scale: 2
Offset: 128
```

ಆ ಲೇಯರಿನ ಮೋಡ್ `Linear Light` ಮಾಡಿ. ಈಗ ಕೆಳಗಿನದರಲ್ಲಿ ಬೆಳಕು, ಮೇಲಿನದರಲ್ಲಿ ಸುಕ್ಕು, ರೋಮ, ನಾಯ್ಸ್. ಮೂಲ ಚಿತ್ರವನ್ನೂ ಇದೇ ರೀತಿ, ಇದೇ 6ರಿಂದ ಎರಡಾಗಿ ಬಿಡಿಸಿ, ಲೇಯರ್‌ಗಳ ಕ್ರಮ ಕೆಳಗಿನಿಂದ ಹೀಗಿರಲಿ: ಮೂಲದ ಬೆಳಕು, ಅದರ ಮೇಲೆ ಅಜ್ಜಿಯ ಹೊಸ ಮುಖದ ಬೆಳಕು, ಆಮೇಲೆ ಮೂಲದ ವಿವರ, ಎಲ್ಲಕ್ಕಿಂತ ಮೇಲೆ ಹೊಸ ಮುಖದ ವಿವರ. ವಿವರದ ಎರಡು ಲೇಯರ್‌ಗಳನ್ನು ಒಂದು ಗುಂಪಿಗೆ ಹಾಕಿ ಆ ಗುಂಪಿಗೆ `Linear Light` ಕೊಟ್ಟು, ಒಳಗಿನ ಎರಡಕ್ಕೂ `Normal` ಮಾಡಿ. ಇಲ್ಲದಿದ್ದರೆ ಮಾಸ್ಕಿನೊಳಗೆ ಎರಡೂ ಮುಖಗಳ ಸುಕ್ಕು ಒಟ್ಟಿಗೆ ಸೇರುತ್ತದೆ. ಹೊಸ ಬೆಳಕಿನ ಮಾಸ್ಕಿಗೆ ಹಣೆಯಲ್ಲಿ 10, ಹೊಸ ವಿವರದ ಮಾಸ್ಕಿಗೆ 1 ಅಥವಾ 2. ಶ್ರಮ ಹೆಚ್ಚು, ಗುಂಪು ಫೋಟೊದ ಚಿಕ್ಕ ಮುಖಕ್ಕೆ ಇಷ್ಟೆಲ್ಲ ಬೇಕಿಲ್ಲ. ದೊಡ್ಡ ಭಾವಚಿತ್ರಕ್ಕೆ, ಅದರಲ್ಲೂ ಸುಕ್ಕುಗಳಿರುವ ಹಣೆಗೆ ಇದಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ.

ತಂದ ಮುಖ ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರದ್ದಾಗಿದ್ದರೆ ಕಥೆ ಬೇರೆ. ಅಲ್ಲಿ ನಾಯ್ಸ್ ಬದಲು ಜೆಪೆಗ್‌ನ 8 × 8 ಚೌಕಗಳು ಕಾಣುತ್ತವೆ, ಮುಖವನ್ನು ಹಿಗ್ಗಿಸಿದರೆ ಚೌಕಗಳೂ ಹಿಗ್ಗುತ್ತವೆ. ಕಾಲು ಭಾಗಕ್ಕಿಂತ ಹೆಚ್ಚು ಹಿಗ್ಗಿಸಬೇಕಾಗಿ ಬಂದರೆ ನಾನು ಕೆಲಸ ನಿಲ್ಲಿಸಿ, ಕ್ಯಾಮೆರಾದ ಮೂಲ ಫೈಲನ್ನೇ ಕೇಳುತ್ತೇನೆ.

ಮುದ್ರಣಕ್ಕೆ ಕಳಿಸುವ ಮೊದಲು

ಪರದೆಯಲ್ಲಿ ಕಾಣದ ಗೆರೆ ಆಲ್ಬಮ್‌ನಲ್ಲಿ ಕಾಣುವುದುಂಟು, ಅದು ಹೆಚ್ಚಾಗಿ ದವಡೆಯ ಕೆಳಗಿನ ನೆರಳಿನಲ್ಲಿ. ಮಾನಿಟರ್ ಆ ಕತ್ತಲನ್ನು ಒಂದೇ ಕಪ್ಪಾಗಿ ತೋರಿಸಿರುತ್ತದೆ, ಲ್ಯಾಬಿನವರು ಫೋಟೊವನ್ನು ಕೊಂಚ ಬೆಳಗಿಸಿದಾಗ ಒಳಗಿದ್ದದ್ದು ಹೊರಬರುತ್ತದೆ. ಮೇಲೊಂದು ತಾತ್ಕಾಲಿಕ ಕರ್ವ್ಸ್ ಲೇಯರ್ ಹಾಕಿ ನೆರಳನ್ನು ಜೋರಾಗಿ ಎತ್ತಿ ಕತ್ತಿನ ಸುತ್ತ ನೋಡಿ. ಆಮೇಲೆ ಅದೇ ಕರ್ವ್ ಅನ್ನು ಕೆಳಗೆ ಎಳೆದು ಹಣೆಯ ಹೊಳಪನ್ನು ನೋಡಿ. ಚಿತ್ರವನ್ನು ಎಡಬಲ ತಿರುಗಿಸಿಯೂ ಒಮ್ಮೆ ನೋಡಿ, ಪಳಗಿದ ಕಣ್ಣಿಗೆ ಹೊಸದಾಗಿ ಕಾಣುತ್ತದೆ.

ಉಳಿದ ದೋಷ ಎಷ್ಟು ದೊಡ್ಡದೆಂದು ಅಳೆಯುವುದೂ ಒಳ್ಳೆಯದು. 6000 ಪಿಕ್ಸೆಲ್ ಅಗಲದ ಈ ಫೋಟೊವನ್ನು 18 ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ 333 ಪಿಕ್ಸೆಲ್. ಅಜ್ಜಿಯ ಮುಖ ಒಂದೂಮುಕ್ಕಾಲು ಸೆಂಟಿಮೀಟರ್‌ಗಿಂತ ಕೊಂಚ ಕಡಿಮೆ, ದವಡೆಯ 3 ಪಿಕ್ಸೆಲ್ ಕಾಲು ಮಿಲಿಮೀಟರ್‌ಗಿಂತ ಕಡಿಮೆ. ಶೇ. 400ರಲ್ಲಿ ಮಾತ್ರ ಕಾಣುವ ಒಂದು ಪಿಕ್ಸೆಲ್‌ನ ದೋಷಕ್ಕೆ ಇನ್ನೊಂದು ಗಂಟೆ ಕೊಡುವ ಅಗತ್ಯವಿಲ್ಲ. ಅದೇ ಮುಖವನ್ನು ಕತ್ತರಿಸಿ ಗೋಡೆಗೆ ಹಾಕುವ ದೊಡ್ಡ ಚಿತ್ರ ಮಾಡಿಕೊಡಿ ಎಂದು ಮನೆಯವರು ಕೇಳಿದರೆ ಲೇಯರ್‌ಗಳಿರುವ ಫೈಲಿನಿಂದಲೇ ಮತ್ತೆ ಶುರು ಮಾಡಿ, ಲ್ಯಾಬಿಗೆ ಕಳಿಸಿದ ಜೆಪೆಗ್‌ನಿಂದ ಅಲ್ಲ.